ಸಹಾಯ ಬೇಕು: ಟ್ವಿಚ್ ಲೈವ್ ಅಳಿಸಿಹೋಗುವ ಮೊದಲು ಉಳಿಸಿಕೊಳ್ಳೋದು ಹೇಗೆ?

ನಾನು ಟ್ವಿಚ್‌ನಲ್ಲಿ ಚೆಸ್ ಲೈವ್ ಮಾಡುತ್ತೇನೆ. ಅಫಿಲಿಯೇಟ್ ಚಾನೆಲ್, ಹಾಗಾಗಿ ಹಳೆಯ ಲೈವ್‌ಗಳು 14 ದಿನ ಮಾತ್ರ ಇರುತ್ತವೆ. ಒಂದು ಟೂರ್ನಮೆಂಟ್ ಲೈವ್ ಈ ಭಾನುವಾರ ಹೋಗಿಬಿಡುತ್ತದೆ.

ಡ್ಯಾಶ್‌ಬೋರ್ಡ್‌ನ Video Producer-ನಲ್ಲಿ ಮೂರು ಚುಕ್ಕಿ ಒತ್ತಿ Download ಕೊಟ್ಟೆ. 4 ಗಂಟೆಯ ವಿಡಿಯೊ, 6000 ಕೆಬಿಪಿಎಸ್, ಅಂದರೆ ಹತ್ತಿರ ಹತ್ತಿರ 11 ಜಿಬಿ. ನಮ್ಮೂರಿನ ನೆಟ್ ಗೊತ್ತಲ್ವಾ, ಅರ್ಧಕ್ಕೇ ನಿಲ್ಲುತ್ತದೆ. Resume ಒತ್ತಿದರೆ ಮತ್ತೆ ಸೊನ್ನೆಯಿಂದ ಶುರು. ಬ್ರೌಸರ್ ಬದಲಿಸಿದೆ, ರಾತ್ರಿಯೂ ನೋಡಿದೆ, ಅದೇ ಕತೆ.

ಈಗ ಇದನ್ನೇ ಒಂದೊಂದು ಗಂಟೆಯ Highlight ಆಗಿ ಕತ್ತರಿಸೋಣ ಅಂತಿದ್ದೇನೆ. ಒಂದು ತುಂಡು 2.7 ಜಿಬಿ ಆಗಬಹುದು. ಹೈಲೈಟ್‌ಗೆ ಒಟ್ಟು 100 ಗಂಟೆಯ ಮಿತಿ ಇದೆ, ನನ್ನದು ಅಷ್ಟಿಲ್ಲ. ಗೊಂದಲ ಇಷ್ಟೇ: ಭಾನುವಾರ ಮೂಲ ವಿಡಿಯೊ ಅಳಿಸಿಹೋದ ಮೇಲೂ ಈ ಹೈಲೈಟ್‌ಗಳು ಉಳಿಯುತ್ತವಾ? ಆಮೇಲೆ ನಿಧಾನಕ್ಕೆ ಅದೇ ಕ್ವಾಲಿಟಿಯಲ್ಲಿ ಇಳಿಸಿಕೊಳ್ಳಬಹುದಾ? ಮಾಡಿ ನೋಡಿದವರು ಹೇಳಿ.