ಬೇಕರಿ, ಹೂವಿನಂಗಡಿ ಸೇರಿ ಪ್ರಚಾರ: ಚೀಟಿ ಲೆಕ್ಕ

"ಚಿಕ್ಕಮ್ಮ, ಗೋಣಿಕೊಪ್ಪದಲ್ಲಿ ನಮ್ಮ ಬೇಕರಿ ಪಕ್ಕದ ಹೂವಿನಂಗಡಿಯವರು ಸೇರಿ ಪ್ರಚಾರ ಮಾಡೋಣ, ಖರ್ಚು ಅರ್ಧರ್ಧ ಅಂತಿದ್ದಾರೆ. ಒಪ್ಕೊಳ್ಲಾ?"

ಪುಟ್ಟಿ, ಟೈಪ್ ಮಾಡೋಕೆ ಬೇಜಾರು, ಮಾತಲ್ಲೇ ಹೇಳ್ತೀನಿ ಕೇಳು. ಒಪ್ಕೋ, ಆದ್ರೆ ಅರ್ಧರ್ಧ ಮೊದಲ ತಿಂಗಳಿಗೆ ಮಾತ್ರ. ನಿನ್ನಲ್ಲಿಗೆ ಬನ್ನು, ಪಫ್ಸು ಅಂತ ದಿನಾ ಜನ ಬರ್ತಾರೆ. ಬೊಕೆಗೆ ಯಾರು ದಿನಾ ಬರ್ತಾರೆ? ಹಾಗಾಗಿ ನೀನು ಅವರಿಗೆ ಕಳಿಸೋ ಗಿರಾಕಿ ಜಾಸ್ತಿ. ಅವರಿಂದ ನಿನಗೆ ಬರೋರು ಕಮ್ಮಿ, ಆದ್ರೆ ಮದುವೆ ಮನೆಯವರು, ದೊಡ್ಡ ಕೇಕಿನವರು. ಅದಕ್ಕೇ ತಲೆ ಎಣಿಸಬೇಡ, ರೂಪಾಯಿ ಎಣಿಸು.

ಎರಡು ಬಣ್ಣದ ಚೀಟಿ ಮಾಡಿಸಿ. ನಿನ್ನ ಕೌಂಟರಿಂದ ಹೋಗೋದು ಗುಲಾಬಿ, ಅವರಿಂದ ಬರೋದು ಹಳದಿ. ಚೀಟಿ ತಂದವರಿಗೆ ರಿಯಾಯಿತಿ ಕೊಡೋದು ಆಯಾ ಅಂಗಡಿಯ ಖರ್ಚು. ಚೀಟಿ ಹಿಂದೆ ಬಿಲ್ ಮೊತ್ತ ಬರೆದು ಡಬ್ಬಿಗೆ ಹಾಕಿ. ತಿಂಗಳ ಕೊನೆಗೆ ಇಬ್ಬರೂ ಕೂತು ಕೂಡಿ. ಉದಾಹರಣೆಗೆ ಗುಲಾಬಿ ಚೀಟಿ 30 ಬಂದು ಅವರಿಗೆ 12,000 ರೂಪಾಯಿ ವ್ಯಾಪಾರ ಆಯ್ತು, ಹಳದಿ ಬರೀ 5, ಆದ್ರೂ ನಿನಗೆ 8,000 ಆಯ್ತು ಅಂತ ಇಟ್ಕೋ. ಯಾರಿಗೆ ಎಷ್ಟು ವ್ಯಾಪಾರ ಆಯ್ತೋ ಅದೇ ಲೆಕ್ಕದಲ್ಲಿ ಖರ್ಚು ಹಂಚ್ಕೊಳ್ಳಿ: ಮುಂದಿನ ಪ್ರಿಂಟಿಂಗ್ ಖರ್ಚು 1,600 ಆದ್ರೆ ಅವರು 960, ನೀನು 640. ಕಮಿಷನ್ ಮಾತ್ರ ಬೇಡ ಅಂತೀನಿ ನಾನು. ಅದು ಶುರುವಾದ್ರೆ ಬಂದ ಪ್ರತಿಯೊಬ್ಬರೂ ನಿನ್ನ ಗಿರಾಕಿನೋ ನನ್ನ ಗಿರಾಕಿನೋ ಅಂತ ವಾದ ಶುರು. ಹೋಂಸ್ಟೇಗಳಲ್ಲಿ ಇಡೋ ಚೀಟಿ ಇಬ್ಬರದ್ದೂ, ಅದು ಅರ್ಧರ್ಧಾನೇ ಇರಲಿ.

ಕೇಕು, ಬೊಕೆ ಸೇರಿಸಿ ಒಂದೇ ಬೆಲೆಗೆ ಮಾರೋಣ ಅಂತ ಅವರು ಹೇಳೇ ಹೇಳ್ತಾರೆ. ಬೆಲೆ ಒಟ್ಟಿಗೆ ಹೇಳಿ, ಬಿಲ್ ಬೇರೆ ಬೇರೆ ಹಾಕಿ. ನೀನು ಜಿಎಸ್‌ಟಿ ಕಟ್ಟೋಳು. ತಾಜಾ ಹೂವಿಗೆ ತೆರಿಗೆ ಇಲ್ಲ, ಕೇಕಿಗೆ 2025ರ ಸೆಪ್ಟೆಂಬರಿಂದ 5 ಪರ್ಸೆಂಟ್. ಒಂದೇ ಬೆಲೆಗೆ ಒಂದೇ ಬಿಲ್ಲಲ್ಲಿ ಮಾರಿದ್ರೆ ಹೂವಿನ ದುಡ್ಡಿಗೂ ಕೇಕಿನ ತೆರಿಗೆ ಬೀಳುತ್ತೆ. ಮತ್ತೆ, ದುಡ್ಡು ತಗೊಂಡವರೇ ದೂರಿಗೆ ಉತ್ತರ ಕೊಡಬೇಕು ಅಂತ ಮೊದಲೇ ಮಾತಾಡ್ಕೊಳ್ಳಿ.

ಇನ್ನೊಂದು ವಿಷಯ, ಇದನ್ನ ಮರೀಬೇಡ. ಕೇಕಿನ ಮೇಲೆ ಹೂವು ಇಟ್ಟು ಫೋಟೋ ಹಾಕೋಣ ಅಂದ್ರೆ ಆಂಥೂರಿಯಂ ಬೇಡವೇ ಬೇಡ. ನಮ್ಮ ಕಡೆ ಬೆಳೀತಾರೆ, ನೋಡೋಕೆ ಚೆಂದ, ಒಪ್ತೀನಿ. ಆದ್ರೆ ಅದು ಕೆಸುವಿನ ಜಾತಿ. ಹಸಿ ಕೆಸು ಬಾಯಿಗೆ ಹೋದ್ರೆ ತುರಿಸುತ್ತಲ್ಲ, ಇದರಲ್ಲೂ ಅದೇ ಆಕ್ಸಲೇಟ್ ಹರಳು ಇರುತ್ತೆ, ಮಕ್ಕಳು ಕಚ್ಚಿದ್ರೆ ನಾಲಿಗೆ ಉರಿದು ಊದ್ಕೊಳ್ಳುತ್ತೆ. ಬೊಕೆಗೆ ಅಂತ ಬೆಳೆದ ಗುಲಾಬಿಗೂ ಔಷಧಿ ಹೊಡೆದಿರ್ತಾರೆ, ತೊಳೆದ್ರೂ ಕ್ರೀಮಿಗೆ ಚುಚ್ಚೋ ಹಾಗಿಲ್ಲ. ಹೂವು ಡಬ್ಬಿ ಪಕ್ಕದಲ್ಲಿರಲಿ, ಕೇಕಿನ ಮೇಲೆ ನಿನ್ನ ಕೈಯಿಂದ ಮಾಡಿದ ಕ್ರೀಮ್ ಹೂವೇ ಸಾಕು. ಇದಕ್ಕೆ ಅವರು ಒಪ್ಪಿದ ಮೇಲೆ ಚೀಟಿ ಪ್ರಿಂಟಿಗೆ ಕೊಡು.