ಒಂದನೇ ತರಗತಿಗೆ ದೇಹ ಸುರಕ್ಷತೆ ಪಾಠ: ಟೀಚರ್‌ಗಳು, ಪೋಷಕರು ಇರುವ ಗುಂಪಿನಲ್ಲಿ ಆಪ್ತಸಲಹೆಗಾರರ ಜೊತೆ ಪ್ರಶ್ನೋತ್ತರ

ಟೀಚರ್: ಮೇಡಂ, ನಿನ್ನೆ ಒಂದನೇ ತರಗತಿಗೆ ‘ಗುಡ್ ಟಚ್, ಬ್ಯಾಡ್ ಟಚ್’ ಪಾಠ ಮಾಡಿದೆ. ಪೋಷಕರಿಗೆ ಚೀಟಿ ಹೋಗಿದ್ದು ಅವತ್ತೇ ಬೆಳಿಗ್ಗೆ. ಒಬ್ಬ ಹುಡುಗ ಎದ್ದು, “ಮಾಮ ಕಚಗುಳಿ ಇಡ್ತಾನೆ, ನಗು ಬರುತ್ತೆ. ಅದು ಗುಡ್ ಟಚ್ಚಾ?” ಅಂದ. ಮಕ್ಕಳೆಲ್ಲ ನಕ್ಕರು. ನಗು ಬಂದ್ರೆ ಗುಡ್ ಟಚ್ ಅಂದು ಮುಂದೆ ಹೋದೆ. ರಾತ್ರಿ ನಿದ್ದೆ ಬರಲಿಲ್ಲ.

ಆಪ್ತಸಲಹೆಗಾರರು: ಅದು ಬರೀ ಕಚಗುಳಿಯೇ ಇರಬಹುದು. ಆದರೆ ನೀವು ಕೊಟ್ಟ ಉತ್ತರವನ್ನು ತಿದ್ದಲೇಬೇಕು. ಕೆಟ್ಟದ್ದು ಮಾಡುವವರು ಹೆಚ್ಚಾಗಿ ಗೊತ್ತಿರುವವರೇ. ಎಷ್ಟೋ ಸಲ ಅದು ಆಟ, ಕಚಗುಳಿಯಿಂದಲೇ ಶುರುವಾಗುತ್ತದೆ. ಆಗ ಮಗುವಿಗೆ ನಗುವೇ ಬರುತ್ತದೆ. ಇಂಜೆಕ್ಷನ್ ನೋಯುತ್ತದೆ, ಆದರೆ ಅದು ಕೆಟ್ಟದ್ದಲ್ಲ. ಹಾಗಾಗಿ ಆರು ವರ್ಷದ ಮಗುವಿಗೆ ‘ನಿನಗೆ ಹೇಗನ್ನಿಸುತ್ತೆ ನೋಡು’ ಅನ್ನುವ ಅಳತೆ ಕೊಡಬೇಡಿ. ನಿಯಮ ಕೊಡಿ: “ಚಡ್ಡಿಯೊಳಗಿನ ಜಾಗ ನಿನ್ನದು. ತೊಳೆಯೋಕೆ ಸಹಾಯ ಮಾಡುವಾಗ, ಹುಷಾರಿಲ್ಲದಾಗ ಬಿಟ್ಟು ಯಾರೂ ಅದನ್ನು ಮುಟ್ಟಬಾರದು, ನೋಡಬಾರದು, ಫೋಟೋ ತೆಗೆಯಬಾರದು. ಅವರದ್ದನ್ನು ಮುಟ್ಟು ಅಂತಲೂ ಹೇಳಬಾರದು. ಯಾರಿಗೂ ಹೇಳಬೇಡ ಅಂದರೆ ಖಂಡಿತ ಹೇಳು.” ನಾಳೆ ಇಡೀ ತರಗತಿಗೆ, “ಮೊನ್ನೆ ಟೀಚರ್ ಒಂದು ತಪ್ಪು ಹೇಳಿದ್ರು” ಅಂತಲೇ ಶುರು ಮಾಡಿ. ಆ ಹುಡುಗನ ಕಡೆ ನೋಡಬೇಡಿ.

ಆಮೇಲೆ ಅವನ ಜೊತೆ ಬೇರೆಯಾಗಿ ಕೂತುಕೊಳ್ಳಿ. ಬೇರೆಯವರಿಗೆ ಕಾಣಬೇಕು, ಮಾತು ಕೇಳಿಸಬಾರದು, ಅಂಥ ಜಾಗ. “ಕಚಗುಳಿ ಅಂದ್ಯಲ್ಲ, ಅದರ ಬಗ್ಗೆ ಇನ್ನೂ ಹೇಳು” ಅಂದು ಸುಮ್ಮನಾಗಿ. “ಮಾಮ ಅಲ್ಲಿ ಮುಟ್ಟಿದ್ನಾ?” ಅಂತ ಕೇಳಲೇಬೇಡಿ. ಈ ವಯಸ್ಸಿನ ಮಕ್ಕಳು ಟೀಚರ್‌ಗೆ ಖುಷಿಯಾಗಲಿ ಅಂತ ಹೂಂ ಅಂದುಬಿಡುತ್ತಾರೆ. ಆಮೇಲೆ ಮಗು ನಿಜವನ್ನೇ ಹೇಳಿದರೂ, ಕೇಳಿದವರು ‘ಇದು ಹೇಳಿಕೊಟ್ಟ ಬಾಯಿಪಾಠ’ ಅನ್ನುತ್ತಾರೆ. ಹೊಟ್ಟೆ, ಕಂಕುಳು ಅಂದರೆ “ಸಾಕು ಅಂದ್ರೆ ಯಾರೇ ಆದರೂ ನಿಲ್ಲಿಸಬೇಕು” ಅಂತ ಹೇಳಿಕೊಡಿ. ಬೇರೇನಾದರೂ ಹೇಳಿದರೆ ಅವನ ಮಾತನ್ನು ಅವನ ಪದಗಳಲ್ಲೇ ಬರೆದಿಡಿ. ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ. ಮಕ್ಕಳ ರಕ್ಷಣೆ ನೋಡಿಕೊಳ್ಳುವವರಿಗೆ ಅವತ್ತೇ ತಿಳಿಸಿ. ಅವರನ್ನು ಕೇಳದೆ ಮನೆಗೆ ಫೋನ್ ಮಾಡಬೇಡಿ, ಆ ಮಾಮ ಅದೇ ಮನೆಯಲ್ಲಿರಬಹುದು.

ಮುಂದೆ ಯಾವ ಮಗುವಾದರೂ ಎಲ್ಲರೆದುರು ಹೇಳೋಕೆ ಶುರು ಮಾಡಿದರೆ, “ಇದು ಮುಖ್ಯವಾದ ಮಾತು, ಪಾಠ ಮುಗಿದ ತಕ್ಷಣ ನಾವಿಬ್ಬರೇ ಮಾತಾಡೋಣ” ಅನ್ನಿ. ತಕ್ಷಣ ಅಂದರೆ ತಕ್ಷಣ.

ಒಬ್ಬ ಪೋಷಕರು: ಈ ಪಾಠಕ್ಕೆ ಸರಿಯಾದ ವಯಸ್ಸು ಯಾವುದು?

ಆಪ್ತಸಲಹೆಗಾರರು: ಮಾತು ಬಂದಾಗಿನಿಂದ.

ಇನ್ನೊಬ್ಬ ಟೀಚರ್: ಚೀಟಿಯಲ್ಲಿ ಏನು ಬರೆಯಬೇಕು ಮೇಡಂ?

ಆಪ್ತಸಲಹೆಗಾರರು: ಒಂದು ವಾರ ಮೊದಲೇ ಕಳಿಸಿ. ಪಾಠದ ದಿನ, ಅಂಗಗಳಿಗೆ ನೀವು ಬಳಸುವ ಹೆಸರುಗಳು, ಮೇಲಿನ ನಿಯಮ. “ಮಗು ಏನಾದರೂ ಹೇಳಿದರೆ ಬೈಯಬೇಡಿ, ಅಡ್ಡ ಪ್ರಶ್ನೆ ಕೇಳಬೇಡಿ, ನಮಗೆ ತಿಳಿಸಿ” ಅನ್ನುವ ಸಾಲು ಇರಲಿ. ರಜೆಯ ಹಿಂದಿನ ದಿನ ಪಾಠ ಇಡಬೇಡಿ. ಹೇಳಬೇಕು ಅನ್ನಿಸಿದ ಮಗುವಿಗೆ ಮರುದಿನ ನೀವು ಸಿಗಬೇಕಲ್ವಾ?

ಒಬ್ಬ ತಂದೆ: ಅಂಗಗಳ ಹೆಸರು ಯಾಕೆ? ‘ಶೇಮ್ ಶೇಮ್’ ಅಂದ್ರೆ ಸಾಲದಾ?

ಇಬ್ಬರು ಮಕ್ಕಳ ತಾಯಿ: ಸರ್, ನಾಚಿಕೆ ಅಂತ ಹೆಸರಿಟ್ಟ ಮೇಲೆ ಮಗು ಬಾಯಿ ಬಿಡುತ್ತಾ?

ಒಬ್ಬ ತಂದೆ: ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ನಾವು ಚೆನ್ನಾಗೇ ಬೆಳೆದಿದ್ದೀವಿ.

ಇಬ್ಬರು ಮಕ್ಕಳ ತಾಯಿ: ನಿಮ್ಮ ಕಾಲದಲ್ಲಿ ಏನಿತ್ತು ಅಂತ ಹೇಳಿಕೊಂಡವರು ಎಷ್ಟು ಜನ? ನಾನು ಮೂವತ್ತು ದಾಟಿದ ಮೇಲೆ ಹೇಳಿದೆ.

ಒಬ್ಬ ತಂದೆ: ಎಲ್ಲದಕ್ಕೂ ನಿಮ್ಮ ಕಥೆ ತರಬೇಡಿ.

ಆಪ್ತಸಲಹೆಗಾರರು: ಅವರು ಹೇಳಲಿ ಸರ್. ಮಗು “ನನ್ನ ಬಿಸ್ಕತ್ತು ಮುಟ್ಟಿದ್ರು” ಅಂದಿದ್ದನ್ನು ಟೀಚರ್ ತಿಂಡಿ ವಿಷಯ ಅಂದುಕೊಂಡು ಬಿಟ್ಟಿದ್ದನ್ನು ನಾನು ನೋಡಿದ್ದೇನೆ. ಆ ಮನೆಯಲ್ಲಿ ಅಂಗಕ್ಕೆ ಇಟ್ಟಿದ್ದ ಹೆಸರು ಅದು. ಟೀಚರ್‌ಗೆ ಹೇಗೆ ಅರ್ಥವಾಗಬೇಕು?

ಒಬ್ಬ ಅಜ್ಜ: ನನ್ನ ಮೊಮ್ಮಗ ಕ್ಲಾಸಿನಲ್ಲಿ ಎಲ್ಲರನ್ನೂ ಹೊಡೆಯುತ್ತಾನೆ, ಅದಕ್ಕೂ ಈ ಪಾಠ ಆಗುತ್ತಾ?

ಇನ್ನೊಬ್ಬ ಪೋಷಕರು: ಫಾರ್ವರ್ಡ್ ಬಂದಿದೆ: “ದಿನಾ ಮಲಗುವ ಮುಂಚೆ ಮಗುವನ್ನು ‘ಇವತ್ತು ಯಾರು ಎಲ್ಲೆಲ್ಲಿ ಮುಟ್ಟಿದರು’ ಎಂದು ಮೂರು ಸಲ ಕೇಳಿ.” ಎಲ್ಲರೂ ಹಂಚಿ.

ಆಪ್ತಸಲಹೆಗಾರರು: ದಯವಿಟ್ಟು ಹಂಚಬೇಡಿ. ಮೂರನೇ ಸಲ ಕೇಳಿದಾಗ, ಮೊದಲ ಎರಡು ಉತ್ತರ ತಪ್ಪಿರಬೇಕು ಅಂತ ಮಗು ಹೊಸದೊಂದು ಹೇಳಿಬಿಡಬಹುದು. ಇದು ರಕ್ಷಣೆ ಅಲ್ಲ, ವಿಚಾರಣೆ. ‘ಯಾರಾದರೂ ಕೆಟ್ಟದಾಗಿ ಮುಟ್ಟಿದರೆ ಕಚ್ಚು, ಕಿರುಚು ಅಂತ ಮಗುವಿಗೆ ಹೇಳಿಕೊಡಿ’ ಅನ್ನುವ ಫಾರ್ವರ್ಡ್ ಕೂಡ ಬೇಡ. ಹೆದರಿದ ಮಗು ಎಷ್ಟೋ ಸಲ ಕಲ್ಲಾಗಿ ನಿಂತುಬಿಡುತ್ತದೆ, ಆಮೇಲೆ ಕಿರುಚಲಿಲ್ಲ, ನನ್ನದೇ ತಪ್ಪು ಅಂದುಕೊಳ್ಳುತ್ತದೆ.

ಮತ್ತೊಬ್ಬರು: ಯಾವ ವಯಸ್ಸಿಗೆ ಶುರು ಮಾಡಬೇಕು ಮೇಡಂ?

ಆಪ್ತಸಲಹೆಗಾರರು: ಮೇಲೆ ಓದಿ.

ಒಬ್ಬ ತಂದೆ: ಸ್ವಲ್ಪ ಸಮಾಧಾನವಾಗಿ ಉತ್ತರಿಸಬಹುದು.

ಟೀಚರ್: ಮೇಡಂ, ಇವತ್ತು ಆ ಹುಡುಗ ಶಾಲೆಗೆ ಬಂದಿಲ್ಲ. ಅವನ ಗೆಳೆಯರನ್ನು ಕೇಳಲಾ?

ಆಪ್ತಸಲಹೆಗಾರರು: ಬೇಡ. ಗೈರುಹಾಜರಾದವರ ಮನೆಗೆ ಕಚೇರಿಯಿಂದ ಎಂದಿನಂತೆ ಫೋನ್ ಹೋಗಲಿ, ಕಚಗುಳಿ ಸುದ್ದಿ ಎತ್ತಬೇಡಿ. ನಿನ್ನೆ ಅವನು ಹೇಳಿದ ಮಾತನ್ನು ಈಗಲೇ ಬರೆದಿಡಿ. ಇನ್ನು ಅವನ ವಿಷಯ ಈ ಗುಂಪಿನಲ್ಲಿ ಬೇಡ, ನನಗೆ ನೇರ ಫೋನ್ ಮಾಡಿ.