ಸಲ್ಲಿಸುವ ಮುಂಚೆ: ‘ಶಕ್ತಿ’ ಪ್ರಬಂಧದಲ್ಲಿ ವಾದ ಎಲ್ಲಿ ಸುತ್ತು ಹೊಡೆಯುತ್ತಿದೆ?

ಎಂ.ಎ. ವಿದ್ಯಾರ್ಥಿನಿ: ಮೇಡಂ, ಶಕ್ತಿ ಯೋಜನೆ ಬಗ್ಗೆ ಪ್ರಬಂಧ ಬರೆದಿದ್ದೇನೆ. ‘ವಾದ ಸುತ್ತು ಹೊಡೆಯುತ್ತಿದೆ, ಪುರಾವೆ ಸಾಲದು’ ಅಂತಷ್ಟೇ ಬರೆದು ಗೈಡ್ ವಾಪಸ್ ಕೊಟ್ಟಿದ್ದಾರೆ. ಎಲ್ಲಿ ಅಂತ ನಾನೇ ಹುಡುಕೋದು ಹೇಗೆ? ಮುಖ್ಯ ಪ್ಯಾರಾ ಇದು: “ಶಕ್ತಿ ಯೋಜನೆಯಿಂದ ಮಹಿಳೆಯರು ಸಬಲರಾಗಿದ್ದಾರೆ. ಕೋಟ್ಯಂತರ ಮಹಿಳೆಯರು ಉಚಿತವಾಗಿ ಓಡಾಡುತ್ತಿದ್ದಾರೆ. ಹೀಗೆ ಓಡಾಡುವುದೇ ಸಬಲೀಕರಣಕ್ಕೆ ಸಾಕ್ಷಿ. ದುಡಿಯುವ ಮಹಿಳೆಯರ ಸಂಖ್ಯೆಯೂ ಇದರಿಂದ ಹೆಚ್ಚಿದೆ.”

ಸಮಾಜಶಾಸ್ತ್ರ ಅಧ್ಯಾಪಕಿ: ಒಂದು ಹಾಳೆ ತಗೊಂಡು ನಾಲ್ಕೂ ವಾಕ್ಯಗಳನ್ನು ಒಂದರ ಕೆಳಗೆ ಒಂದು ಬರೀರಿ. ಪ್ರತಿಯೊಂದರ ಎದುರು ‘ಯಾಕೆಂದರೆ’ ಅಂತ ಬರೆದು, ಉತ್ತರವನ್ನು ನಿಮ್ಮ ಪ್ರಬಂಧದೊಳಗಿಂದಲೇ ತುಂಬಿಸಿ. ಸಬಲರಾಗಿದ್ದಾರೆ, ಯಾಕೆಂದರೆ ಓಡಾಡುತ್ತಾರೆ. ಓಡಾಟ ಯಾಕೆ ಮುಖ್ಯ? ಯಾಕೆಂದರೆ ಅದೇ ಸಬಲೀಕರಣ. ಸುತ್ತು ಇಲ್ಲೇ ಇದೆ. ಇನ್ನೊಂದು ಪ್ರಶ್ನೆಯನ್ನೂ ಹಾಕಿಕೊಳ್ಳಿ: ಏನು ಕಂಡುಬಂದರೆ ಈ ಮಾತು ಸುಳ್ಳಾಗುತ್ತದೆ? ನೀವು ಬರೆದಿರೋ ಪ್ರಕಾರ ಮಹಿಳೆಯೊಬ್ಬಳು ಬಸ್ ಹತ್ತಿದರೆ ಸಾಕು, ಸಬಲೆ. ಸುಳ್ಳಾಗುವ ದಾರಿಯೇ ಇಲ್ಲ.

ಬಿಡಿಸಿಕೊಳ್ಳಬೇಕಾದರೆ ಸಬಲೀಕರಣವನ್ನು ಬಸ್ಸಿಗೆ ಸಂಬಂಧವಿಲ್ಲದ ಅಳತೆಯಿಂದ ಹೇಳಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸಿದ್ಧ ಪ್ರಶ್ನೆಗಳಿವೆ: ನಿಮ್ಮ ಚಿಕಿತ್ಸೆ ಬಗ್ಗೆ ಯಾರು ತೀರ್ಮಾನ ಮಾಡುತ್ತಾರೆ, ಮನೆಗೆ ದೊಡ್ಡ ಸಾಮಾನು ಕೊಳ್ಳೋದು ಯಾರ ತೀರ್ಮಾನ, ಆಸ್ಪತ್ರೆಗೆ ಒಬ್ಬರೇ ಹೋಗಬಹುದಾ. ಪ್ರಶ್ನೆಗಳನ್ನು ಎರವಲು ತಗೊಳ್ಳಿ, ಅಂಕಿಗಳನ್ನು ಬೇಡ. ಐದನೇ ಸುತ್ತಿನ ಸಮೀಕ್ಷೆ ನಡೆದದ್ದು 2019-21ರಲ್ಲಿ, ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ.

ಪಿಎಚ್.ಡಿ. ವಿದ್ಯಾರ್ಥಿ: ಇಷ್ಟೆಲ್ಲ ಯಾಕೆ? ‘ಕೋಟ್ಯಂತರ’ ಅನ್ನೋದಕ್ಕೆ ಸಾರಿಗೆ ಇಲಾಖೆ ಪ್ರಕಟಣೆಯ ಅಡಿಟಿಪ್ಪಣಿ ಕೊಟ್ಟರೆ ಪುರಾವೆ ಆಯ್ತಲ್ಲ.

ಸಮಾಜಶಾಸ್ತ್ರ ಅಧ್ಯಾಪಕಿ: ಆಧಾರ ಕೊಡಲೇಬೇಕು, ಒಪ್ಪುತ್ತೇನೆ. ಆದರೆ ಆ ಪ್ರಕಟಣೆ ಎಣಿಸೋದು ಶೂನ್ಯ ಮೊತ್ತದ ಟಿಕೆಟ್ಟುಗಳನ್ನು, ಅಂದರೆ ಪ್ರಯಾಣಗಳನ್ನು. ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬಳು ತಿಂಗಳಿಗೆ 25 ದಿನ ಹೋಗಿಬಂದರೆ 50 ಟಿಕೆಟ್. ನಡುವೆ ಒಂದು ಬಸ್ ಬದಲಿಸಿದರೆ 100. ‘ಕೋಟ್ಯಂತರ ಮಹಿಳೆಯರು’ ಅಂತ ಬರೆದು ಆ ಅಡಿಟಿಪ್ಪಣಿ ಹಾಕಿದರೆ ಮೂಲ ಸರಿ, ವಾಕ್ಯ ತಪ್ಪು. ಗೈಡ್‌ಗಳು ಸಿಟ್ಟಾಗೋದು ಇಂಥದ್ದಕ್ಕೇ. ಪ್ರತಿ ಅಂಕಿಯ ಪಕ್ಕ ‘ಇಲ್ಲಿ ಎಣಿಸಿರೋದು ಏನನ್ನು?’ ಅಂತ ಪೆನ್ಸಿಲಲ್ಲಿ ಬರೆದುಕೊಳ್ಳಿ.

ನಾಲ್ಕನೇ ವಾಕ್ಯದ ಕಥೆ ಬೇರೆ. ಕೇಂದ್ರ ಸರ್ಕಾರದ ಉದ್ಯೋಗ ಸಮೀಕ್ಷೆಯಾದ ಪಿ.ಎಲ್.ಎಫ್.ಎಸ್. ಪ್ರಕಾರ 15 ವರ್ಷ ಮೇಲ್ಪಟ್ಟ ಮಹಿಳೆಯರಲ್ಲಿ ಕೆಲಸದಲ್ಲಿರುವವರು ಮತ್ತು ಕೆಲಸ ಹುಡುಕುತ್ತಿರುವವರು ಸೇರಿ, ಇಡೀ ದೇಶದಲ್ಲಿ, 2017-18ಕ್ಕೆ ಶೇ 23.3 ಇದ್ದದ್ದು 2022-23ಕ್ಕೆ ಶೇ 37 ಆಗಿತ್ತು. ಆಗ ಆ ಸಮೀಕ್ಷೆಯ ವರ್ಷ ಮುಗಿಯುತ್ತಿದ್ದದ್ದು ಜೂನ್ ಕೊನೆಗೆ. ಅಂದರೆ ಈ ಏರಿಕೆಯ ಹೊತ್ತಿಗೆ ‘ಶಕ್ತಿ’ಗೆ ಮೂರು ವಾರವೂ ತುಂಬಿರಲಿಲ್ಲ. ಕರ್ನಾಟಕದಲ್ಲಿ ಆಮೇಲೆ ಹೆಚ್ಚಾಯ್ತು ಅಂತ ತೋರಿಸಿದರೆ ಸಾಲದು, ಉಚಿತ ಬಸ್ ಇಲ್ಲದ ಕಡೆಗಿಂತ ಹೆಚ್ಚಾಯ್ತಾ ಅಂತ ನೋಡಬೇಕು. ತಮಿಳುನಾಡು ಹೋಲಿಕೆಗೆ ಬರಲ್ಲ, ಅಲ್ಲಿ 2021ರಲ್ಲೇ ಶುರುವಾಗಿದೆ. ಆಂಧ್ರದಲ್ಲಿ 2025ರ ಆಗಸ್ಟ್‌ವರೆಗೆ ಇರಲಿಲ್ಲ, ಅದನ್ನು ಇಟ್ಟುಕೊಳ್ಳಬಹುದು. ಅಷ್ಟು ಕೆಲಸಕ್ಕೆ ಸಮಯ ಇಲ್ಲವಾದರೆ ವಾಕ್ಯವನ್ನೇ ಇಳಿಸಿ: “ಕೆಲಸಕ್ಕೆ ಹೋಗಿಬರುವ ಖರ್ಚು ಕಡಿಮೆಯಾಗಿದೆ, ಇದರಿಂದ ದುಡಿಯುವವರ ಸಂಖ್ಯೆ ಹೆಚ್ಚಿದೆಯೇ ಎಂದು ಈ ಪ್ರಬಂಧದ ಮಾಹಿತಿಯಿಂದ ಹೇಳಲಾಗದು.”

ಬಿ.ಎ. ಅಂತಿಮ ವರ್ಷ: ನಂದೂ ಇದೇ ವಿಷಯ ಅಕ್ಕ. ಬಸ್‌ಸ್ಟ್ಯಾಂಡಲ್ಲಿ 15 ಜನ ಹೆಂಗಸರನ್ನು ಮಾತಾಡಿಸಿದ್ದೀನಿ, ಎಲ್ಲರೂ ಅನುಕೂಲ ಆಗಿದೆ ಅಂದ್ರು. ಇನ್ನೂ 15 ಜನ ಮಾಡಿದರೆ ಸಾಕಾ?

ಸಮಾಜಶಾಸ್ತ್ರ ಅಧ್ಯಾಪಕಿ: ಅದೇ ಬಸ್‌ಸ್ಟ್ಯಾಂಡಲ್ಲಿ 150 ಜನ ಆದರೂ ಉತ್ತರ ಬದಲಾಗಲ್ಲ. ಅಲ್ಲಿ ಸಿಗೋದು ಬಸ್ ಹತ್ತೋರೇ. ಊರಿಗೆ ಬಸ್ಸೇ ಬಾರದವಳು, ಮನೆಯಲ್ಲಿ ಕಳಿಸದವಳು ಅಲ್ಲಿರಲ್ಲ. ದಿನಕ್ಕೆ ಒಂದೋ ಎರಡೋ ಬಸ್ ಬರೋ ಹಳ್ಳಿಗೆ ಹೋಗಿ ಐದಾರು ಜನರನ್ನು ಮಾತಾಡಿಸಿ. ‘ಅನುಕೂಲ ಆಯ್ತಾ?’ ಅಂತ ಕೇಳಬೇಡಿ, ‘ಹೋದ ವಾರ ಎಲ್ಲೆಲ್ಲಿ ಹೋಗಿದ್ರಿ, ಯಾರನ್ನು ಕೇಳಿ ಹೋದ್ರಿ?’ ಅಂತ ಕೇಳಿ.

ಪಿಎಚ್.ಡಿ. ವಿದ್ಯಾರ್ಥಿ: ಟಿಕೆಟ್ ಲೆಕ್ಕ ಒಪ್ಪಿದೆ. ಆದರೆ ಓಡಾಟವನ್ನು ಸಬಲೀಕರಣದಿಂದ ಪೂರ್ತಿ ಹೊರಗಿಡೋದು ಸರಿಯಲ್ಲ. ದೇವಸ್ಥಾನಕ್ಕೋ ತವರಿಗೋ ಮನಸ್ಸು ಬಂದಾಗ ಹೋಗಿಬರೋದೂ ಒಂದು ಬಿಡುಗಡೆಯೇ. ಎಲ್ಲವನ್ನೂ ದುಡಿಮೆ, ತೀರ್ಮಾನ ಅಂತ ಅಳೆಯೋದು ಯಾಕೆ?

ಸಮಾಜಶಾಸ್ತ್ರ ಅಧ್ಯಾಪಕಿ: ಹಾಗೆ ವಾದಿಸಬಹುದು, ಅದರಲ್ಲಿ ಹುರುಳಿದೆ. ಆಗ ಅದು ಪ್ರಬಂಧದ ಶುರುವಲ್ಲೇ ಬರಬೇಕು, ಕಾರಣದ ಸಮೇತ. ಪುರಾವೆಯ ಜಾಗದಲ್ಲಿ ಅಲ್ಲ. ಆದರೂ ಗಂಡನ ಮಾತಿನ ಮೇಲೆ ಸಂತೆಗೆ ಹೋದವಳ ಟಿಕೆಟ್ಟೂ ಅದೇ ಲೆಕ್ಕದಲ್ಲಿ ಸೇರಿರುತ್ತದೆ. ಅದನ್ನು ಬೇರೆ ಮಾಡೋದು ಹೇಗೆ ಅಂತ ನೀವೇ ಹೇಳಬೇಕು.

ಎಂ.ಎ. ವಿದ್ಯಾರ್ಥಿನಿ: ಮೂರನೇ ವಾಕ್ಯ ಹೊಡೆದುಹಾಕಿದೆ, ನಾಲ್ಕನೆಯದನ್ನು ಇಳಿಸಿದೆ. ಎರಡನೆಯದರಲ್ಲಿ ‘ಮಹಿಳೆಯರು’ ತೆಗೆದು ‘ಪ್ರಯಾಣಗಳು’ ಅಂತ ಮಾಡಿದ್ದೇನೆ. ಮೊದಲನೆಯದಕ್ಕೆ ಇನ್ನೂ ಆಧಾರ ಸಿಕ್ಕಿಲ್ಲ ಮೇಡಂ.

ಸಮಾಜಶಾಸ್ತ್ರ ಅಧ್ಯಾಪಕಿ: ಹಾಗಿದ್ದರೆ ಅದನ್ನು ಪ್ರಶ್ನೆಯಾಗಿ ತಿರುಗಿಸಿ ಪೀಠಿಕೆಗೆ ಕಳಿಸಿ. ಶೀರ್ಷಿಕೆಯಲ್ಲೂ ‘ಸಬಲೀಕರಣ’ ಇದ್ದರೆ ಅದನ್ನೂ ನೋಡಿ.